ಮಳೆಗಾಲದ ಬೆಟ್ಟಕ್ಕೆ ಶೂ, ಬ್ಯಾಗ್, ರೈನ್ ಕವರ್: ಅಂಗಡಿಯಲ್ಲಿ ಏನು ನೋಡಬೇಕು?

ಜೂನ್ ಮುಗಿಯುವಷ್ಟರಲ್ಲಿ ಬೆಂಗಳೂರಿನ ಆಫೀಸ್ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ತರಹದ ಮೆಸೇಜ್ ಓಡಾಡಲು ಶುರುವಾಗುತ್ತದೆ. ಶುಕ್ರವಾರ ರಾತ್ರಿ ಬಸ್, ಶನಿವಾರ ಕುದುರೆಮುಖ, ಭಾನುವಾರ ಬೆಳಿಗ್ಗೆ ವಾಪಸ್. ಕೆಳಗೆ ಒಂದು ಪಟ್ಟಿ: ಟ್ರೆಕ್ಕಿಂಗ್ ಶೂ ಕಡ್ಡಾಯ, 20ರಿಂದ 30 ಲೀಟರ್ ಬ್ಯಾಗ್ ಇರಲಿ, ರೈನ್ ಕವರ್ ಮರೆಯಬೇಡಿ.

ಮೊದಲ ಸಲ ಹೊರಟವರಿಗೆ ತಲೆಬಿಸಿ ಅಲ್ಲಿಂದಲೇ ಶುರು. ಅಂಗಡಿಗೆ ಹೋದರೆ ಎರಡು ಸಾವಿರಕ್ಕೂ ಶೂ ಸಿಗುತ್ತದೆ, ಹನ್ನೆರಡು ಸಾವಿರಕ್ಕೂ ಸಿಗುತ್ತದೆ. ಎರಡರ ಮೇಲೂ 'ಟ್ರೆಕ್ಕಿಂಗ್' ಅಂತಲೇ ಬರೆದಿರುತ್ತದೆ. ಬ್ಯಾಗಿನ ಮೇಲೆ ಲೀಟರ್ ಲೆಕ್ಕ ಯಾಕೆ? ರೈನ್ ಕವರಿನ ಮೇಲೆ 2000 ಮಿ.ಮೀ. ಅಂತ ಬರೆದಿದ್ದರೆ ಅದು ಮಳೆಯ ಲೆಕ್ಕವಾ? ಈ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ. ಎಲ್ಲ ಬೆಟ್ಟಗಳಿಗೂ, ಎಲ್ಲ ಕಾಲಕ್ಕೂ ಹೊಂದುವ ಉತ್ತರ ಇಲ್ಲ. ಹಾಗಾಗಿ ಇಲ್ಲಿ ಒಂದೇ ಸಂದರ್ಭ ಇಟ್ಟುಕೊಂಡಿದ್ದೇನೆ: ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಒಂದು ದಿನದ ನಡಿಗೆ.

## ಮೊದಲು ದಾರಿ ಎಂಥದ್ದು ನೋಡಿ

ಕುದುರೆಮುಖವನ್ನೇ ತೆಗೆದುಕೊಳ್ಳಿ. ಕಳಸದ ಕಡೆಯಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ, ಅಲ್ಲಿಂದ ನಡಿಗೆ. ಶಿಖರದ ಎತ್ತರ ಸುಮಾರು 1,890 ಮೀಟರ್. ಹೋಗಿ ಬರಲು 20 ಕಿಲೋಮೀಟರ್ ಆಸುಪಾಸು. ರಾಷ್ಟ್ರೀಯ ಉದ್ಯಾನದ ಒಳಗೆ ಟೆಂಟ್ ಹಾಕುವಂತಿಲ್ಲ, ಆದ್ದರಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ಕೆಳಗಿಳಿಯಲೇಬೇಕು.

ಈ ದಾರಿಯಲ್ಲಿ ನಾಲ್ಕು ತರಹದ ನೆಲ ಸಿಗುತ್ತದೆ. ಶೋಲಾ ಕಾಡಿನೊಳಗೆ ಬೇರು ಮತ್ತು ಕೊಳೆತ ಎಲೆ. ಹುಲ್ಲುಗಾವಲಿನಲ್ಲಿ ನೂರಾರು ಜನ ತುಳಿದು ಹದವಾದ ಕೆಂಪು ಜೇಡಿ. ಅಲ್ಲಲ್ಲಿ ದಾಟಬೇಕಾದ ಹಳ್ಳಗಳು, ಜೋರು ಮಳೆಯ ದಿನ ನೀರು ಮೊಣಕಾಲಿಗೂ ಬರುತ್ತದೆ. ಹಳ್ಳದ ಪಕ್ಕದಲ್ಲೇ ಪಾಚಿ ಹಿಡಿದ ಬಂಡೆ. ಜೊತೆಗೆ ಇಂಬಳ. ಮೇಲಿನ ಏಣಿನ ಮೇಲೆ ಗಾಳಿ ಎಷ್ಟಿರುತ್ತದೆ ಅಂದರೆ, ಮಳೆ ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ಬಡಿಯುತ್ತದೆ.

ಇಷ್ಟು ಗೊತ್ತಾದರೆ ಒಂದು ಮಾತು ತಾನಾಗಿಯೇ ಹೊರಡುತ್ತದೆ. ಇಲ್ಲಿ ಎಂಟು ಗಂಟೆ ನಡೆದು ಒಣಗಿದ ಮೈಯಲ್ಲಿ ವಾಪಸ್ ಬರುವುದು ಆಗದ ಕೆಲಸ. ನೀರು ಒಳಗೆ ಬಂದೇ ಬರುತ್ತದೆ. ಬಂದ ನೀರು ಎಲ್ಲಿ ಹೋಗಬೇಕು, ಎಲ್ಲಿಗೆ ಹೋಗಬಾರದು ಎಂಬುದನ್ನು ನಾವು ತೀರ್ಮಾನಿಸಬಹುದು, ಅಷ್ಟೇ. ಶೂ, ಬ್ಯಾಗ್, ಕವರ್ ಮೂರನ್ನೂ ಈ ಕಣ್ಣಿನಿಂದ ನೋಡಿದರೆ ಅಂಗಡಿಯವನ ಅರ್ಧ ಮಾತು ಬೇಡವಾಗುತ್ತದೆ.

## ಗ್ರಿಪ್ ಅಂದರೆ ಒಂದಲ್ಲ, ಎರಡು

ಶೂ ಮಗುಚಿ ಹಿಡಿದರೆ ಅದರ ತಳದಲ್ಲಿ, ಅಂದರೆ ಸೋಲಿನಲ್ಲಿ, ಉಬ್ಬಿದ ಗಟ್ಟಿ ತುಂಡುಗಳು ಕಾಣುತ್ತವೆ. ಇವಕ್ಕೆ ಲಗ್ ಅನ್ನುತ್ತಾರೆ. ಜನ ಸಾಮಾನ್ಯವಾಗಿ ಲಗ್ ದೊಡ್ಡದಿದ್ದರೆ ಗ್ರಿಪ್ ಜಾಸ್ತಿ ಅಂದುಕೊಳ್ಳುತ್ತಾರೆ. ಅದು ಅರ್ಧ ನಿಜ.

ಕೆಸರಿನಲ್ಲಿ ಲಗ್ ನೆಲದೊಳಗೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ಆಳ ಬೇಕು, 4ರಿಂದ 5 ಮಿ.ಮೀ. ಇದ್ದರೆ ನಮ್ಮ ಬೆಟ್ಟಗಳಿಗೆ ಸಾಕು. ಊರಿನ ರಸ್ತೆಯಲ್ಲಿ ಓಡುವ ಶೂಗಳಲ್ಲಿ ಇಷ್ಟು ಆಳ ಇರುವುದಿಲ್ಲ, ಅದಕ್ಕೇ ಜೇಡಿಯ ಇಳಿಜಾರಿನಲ್ಲಿ ಅವು ಜಾರುತ್ತವೆ. ಆಳದಷ್ಟೇ ಮುಖ್ಯವಾದದ್ದು ಲಗ್‌ಗಳ ನಡುವಿನ ಜಾಗ. ಜಾಗ ಇಕ್ಕಟ್ಟಾಗಿದ್ದರೆ ಹತ್ತು ಹೆಜ್ಜೆಗೆ ಜೇಡಿ ತುಂಬಿಕೊಂಡು ಸೋಲು ಚಪ್ಪಟೆ ಹಲಗೆಯಂತಾಗುತ್ತದೆ. ಆಮೇಲೆ ಲಗ್ ಇದ್ದೂ ಇಲ್ಲದಂತೆ. ಅಂಗಡಿಯಲ್ಲಿ ಕಿರುಬೆರಳಿನ ತುದಿಯನ್ನು ಎರಡು ಲಗ್‌ಗಳ ಮಧ್ಯೆ ಇಟ್ಟು ನೋಡಿ. ಬೆರಳ ತುದಿ ಸ್ವಲ್ಪವಾದರೂ ಇಳಿದರೆ ಕೆಸರು ಉದುರಲು ದಾರಿ ಇದೆ ಅಂತ ಲೆಕ್ಕ. ಹಿಮ್ಮಡಿಯ ಲಗ್‌ಗಳನ್ನೂ ನೋಡಿ. ಅವು ಮುಂದಿನ ಲಗ್‌ಗಳಿಗೆ ಉಲ್ಟಾ ದಿಕ್ಕಿಗೆ ಇದ್ದರೆ ಇಳಿಯುವಾಗ ಬ್ರೇಕ್ ಹಾಕಿದಂತೆ ಕೆಲಸ ಮಾಡುತ್ತವೆ. ಜಾರಿ ಬೀಳುವುದು ಹೆಚ್ಚಾಗಿ ಇಳಿಯುವಾಗಲೇ ಅಲ್ವಾ?

ಒದ್ದೆ ಬಂಡೆಯ ಕತೆ ಬೇರೆ. ಅಲ್ಲಿ ಲಗ್ ಕಚ್ಚಿಕೊಳ್ಳಲು ಏನೂ ಇಲ್ಲ. ಬಂಡೆಯ ಮೈಮೇಲಿನ ಸಣ್ಣ ತರಿಗಳ ಒಳಗೆ ರಬ್ಬರ್ ತುಸು ಬಗ್ಗಿ ಕೂರಬೇಕು. ಮಧ್ಯೆ ಇರುವ ನೀರಿನ ಪದರವನ್ನು ಹಿಂಡಿ ಹೊರಗೆ ತಳ್ಳಬೇಕು. ಇದಕ್ಕೆ ಮೆತ್ತನೆ ರಬ್ಬರ್ ಬೇಕು, ಕಲ್ಲಿಗೆ ತಾಗುವ ಜಾಗವೂ ಜಾಸ್ತಿ ಇರಬೇಕು. ಹೊಳೆಯುವ, ಗಟ್ಟಿ ಪ್ಲಾಸ್ಟಿಕ್‌ನಂಥ ಸೋಲು ಎಷ್ಟೇ ಆಳದ ಲಗ್ ಇದ್ದರೂ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಪರೀಕ್ಷೆ ಸುಲಭ: ಹೆಬ್ಬೆರಳಿನ ಉಗುರನ್ನು ಲಗ್‌ಗೆ ಒತ್ತಿ. ಉಗುರು ಸ್ವಲ್ಪ ಇಳಿದು, ತೆಗೆದ ಕೂಡಲೇ ಗುರುತು ಮಾಯವಾದರೆ ರಬ್ಬರ್ ಮೆತ್ತಗಿದೆ. ಉಗುರೇ ಬಾಗಿದರೆ ಆ ಶೂ ಕೆಳಗಿಡಿ.

ಇಲ್ಲಿ ಒಂದು ಜಗಳವಿದೆ. ಮೆತ್ತನೆ ರಬ್ಬರ್ ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ವರ್ಷಗಟ್ಟಲೆ ಬರುತ್ತದೆ, ಆದರೆ ಜಾರುತ್ತದೆ. 'ಐದು ವರ್ಷ ಏನೂ ಆಗಲ್ಲ ಸಾರ್' ಅಂತ ಅಂಗಡಿಯವನು ಹೊಗಳಿದ ಸೋಲನ್ನು ನಾನಾದರೆ ಇನ್ನೊಮ್ಮೆ ಉಗುರಿನಿಂದ ಒತ್ತಿ ನೋಡುತ್ತೇನೆ. ಅದೇ ಶೂವನ್ನು ದಿನಾ ಆಫೀಸಿಗೂ ಹಾಕಿಕೊಂಡು ಹೋದರೆ ಒಳ್ಳೆಯ ಲಗ್‌ಗಳು ಫುಟ್‌ಪಾತಿನ ಮೇಲೆಯೇ ಕರಗಿಹೋಗುತ್ತವೆ.

ಪಾಚಿ ಹಿಡಿದ ಬಂಡೆಗೆ ಮಾತ್ರ ಯಾವ ಶೂ ಕೂಡ ಮದ್ದಲ್ಲ. ಅಲ್ಲಿ ಸೋಲು ತಾಗುವುದು ಕಲ್ಲಿಗಲ್ಲ, ಪಾಚಿಗೆ. ಪಾಚಿ ಕಿತ್ತುಬಂದರೆ ಅದರ ಜೊತೆ ಕಾಲೂ ಹೋಗುತ್ತದೆ. ಕಪ್ಪಗೆ ಅಥವಾ ಹಸಿರಾಗಿ ಮಿಂಚುವ ಕಲ್ಲು ಬಿಟ್ಟು ಹಳ್ಳದ ತಳದ ಮರಳಿನಲ್ಲೋ, ಸಣ್ಣ ಕಲ್ಲುಗಳ ಮಧ್ಯೆಯೋ ಕಾಲಿಡುವುದೇ ದಾರಿ. ಕಾಲು ಒದ್ದೆಯಾಗುತ್ತದೆ ಅಂತ ಕಲ್ಲಿಂದ ಕಲ್ಲಿಗೆ ಹಾರುವವರೇ ಸೊಂಟ ಉಳುಕಿಸಿಕೊಳ್ಳುವುದು.

ಫುಟ್‌ಬಾಲ್ ಆಡುವ ರಬ್ಬರ್ ಸ್ಟಡ್ ಶೂ ಹಾಕಿಕೊಂಡು ಸರಾಗವಾಗಿ ಹತ್ತುವವರನ್ನು ನೀವು ನೋಡಿರಬಹುದು. ಕೆಸರಿಗೆ ಅದು ನಿಜಕ್ಕೂ ಚೆನ್ನಾಗಿ ಹಿಡಿಯುತ್ತದೆ. ಬಂಡೆಯ ಮೇಲೆ ಮಾತ್ರ ಆ ಸ್ಟಡ್‌ಗಳ ತುದಿಯಷ್ಟೇ ತಾಗುತ್ತದೆ, ಹಿಡಿತ ಕಮ್ಮಿ. ಸೋಲು ತೆಳ್ಳಗಿರುವುದರಿಂದ ಸಂಜೆಯ ಹೊತ್ತಿಗೆ ಪ್ರತಿ ಕಲ್ಲೂ ಅಂಗಾಲಿಗೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ: ಹೊಸ ಶೂ ಮೊದಲ ದಿನ ಸ್ವಲ್ಪ ಜಾಸ್ತಿಯೇ ಜಾರುತ್ತದೆ. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡಿನ ತೆಳು ಪದರ ಸೋಲಿನ ಮೇಲೆ ಉಳಿದಿರುತ್ತದೆ. ಬೆಟ್ಟಕ್ಕೆ ಹೋಗುವ ಮುಂಚೆ ಒಂದೆರಡು ವಾರ ಸಂಜೆ ವಾಕಿಂಗ್‌ಗೆ ಹಾಕಿಕೊಂಡರೆ ಅದೂ ಹೋಗುತ್ತದೆ, ಶೂ ಕಾಲಿಗೂ ಒಗ್ಗುತ್ತದೆ.

## 'ವಾಟರ್‌ಪ್ರೂಫ್' ಶೂ ಒಳಗೆ ನೀರು ತುಂಬುವುದು ಯಾಕೆ?

ದುಬಾರಿ ಶೂಗಳಲ್ಲಿ ಹೊರಗಿನ ಬಟ್ಟೆಗೂ ಒಳಗಿನ ಲೈನಿಂಗ್‌ಗೂ ನಡುವೆ ತೆಳುವಾದ ಒಂದು ಪೊರೆ ಇರುತ್ತದೆ. ನೀರಿನ ಹನಿಯನ್ನು ಅದು ಒಳಗೆ ಬಿಡುವುದಿಲ್ಲ. ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ. ಕೇಳಲು ಅದ್ಭುತ. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಆಷಾಢದ ಕುದುರೆಮುಖದಲ್ಲಿ ಹೊರಗಿನ ಗಾಳಿಯೇ ನೀರು ಹೀರಿಕೊಂಡು ಕುಳಿತಿರುತ್ತದೆ, ಶೂ ಮೇಲಿನ ಬಟ್ಟೆಯೂ ತೊಯ್ದಿರುತ್ತದೆ. ಆವಿಗೆ ಹೋಗಲು ಜಾಗವೇ ಇಲ್ಲ. ಕಾಲು ತನ್ನ ಬೆವರಿನಲ್ಲೇ ನೆನೆಯುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಹಳ್ಳ ದಾಟುವಾಗ. ನೀರು ಪಾದದ ಗಂಟಿಗಿಂತ ಮೇಲೆ ಬಂದರೆ ಶೂವಿನ ಬಾಯಿಯಿಂದ ಸುರಿಯುತ್ತದೆ. ಒಳಗೆ ಬಂದ ನೀರನ್ನು ಆ ಪೊರೆ ಹೊರಗೂ ಬಿಡುವುದಿಲ್ಲ. ಪ್ರತಿ ಹೆಜ್ಜೆಗೂ ಪಚಕ್ ಪಚಕ್. ಶೂ ತೂಕವೂ ಏರುತ್ತದೆ. ಮನೆಗೆ ಬಂದ ಮೇಲೆ ಒಣಗಲು ಎರಡು ಮೂರು ದಿನ ಬೇಕು.

ಮೇಲ್ಭಾಗ ಜಾಲರಿ ಬಟ್ಟೆಯದ್ದಾದ ಶೂನಲ್ಲಿ ನೀರು ಬೇಗ ನುಗ್ಗುತ್ತದೆ, ಅಷ್ಟೇ ಬೇಗ ಹೋಗುತ್ತದೆ. ಹಳ್ಳ ದಾಟಿ ನೂರಿನ್ನೂರು ಹೆಜ್ಜೆ ನಡೆಯುವಷ್ಟರಲ್ಲಿ ಕಾಲೇ ಬಹುಪಾಲು ನೀರನ್ನು ಹಿಂಡಿ ಹೊರಗೆ ಹಾಕಿರುತ್ತದೆ. ಮಳೆಗಾಲದ ಒಂದು ದಿನದ ಘಟ್ಟದ ನಡಿಗೆಗೆ ನನ್ನ ಮತ ಇದಕ್ಕೇ. ಡಿಸೆಂಬರಿನಲ್ಲಿ ಹಿಮಾಲಯಕ್ಕೆ ಹೊರಟವರ ಲೆಕ್ಕ ಬೇರೆ. ಅಲ್ಲಿ ಹಿಮ, ಒಣ ಗಾಳಿ, ಕೊರೆಯುವ ಚಳಿ. ಆ ಪೊರೆ ಅಲ್ಲಿ ಕೊಟ್ಟ ದುಡ್ಡಿಗೆ ಸರಿಯಾಗಿ ಕೆಲಸ ಮಾಡುತ್ತದೆ.

ಜಾಲರಿ ಶೂ ತೆಗೆದುಕೊಂಡರೆ ಸಾಕ್ಸ್ ಕಡೆ ಗಮನ ಕೊಡಬೇಕು. ಹತ್ತಿ ಸಾಕ್ಸ್ ನೀರು ಹೀರಿಕೊಂಡು ಮಡಿಕೆ ಬೀಳುತ್ತದೆ. ನೆನೆದು ಮೆತ್ತಗಾದ ಚರ್ಮಕ್ಕೆ ಆ ಮಡಿಕೆ ಉಜ್ಜಿದಾಗಲೇ ಬೊಬ್ಬೆ ಏಳುವುದು. ನೈಲಾನ್, ಪಾಲಿಯೆಸ್ಟರ್ ಅಥವಾ ಉಣ್ಣೆ ಬೆರೆತ ಸಾಕ್ಸ್ ವಾಸಿ. ಇನ್ನೊಂದು ಜೊತೆ ಒಣ ಸಾಕ್ಸ್ ಬ್ಯಾಗಿನಲ್ಲಿರಲಿ.

ಪಾದದ ಗಂಟು ಮುಚ್ಚುವ ಎತ್ತರದ ಶೂ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಅದು ಮುಳ್ಳು, ಕಲ್ಲು ತಾಗದಂತೆ ಕಾಯುತ್ತದೆ. ಭಾರದ ಬ್ಯಾಗ್ ಹೊತ್ತಾಗ ಸ್ವಲ್ಪ ಧೈರ್ಯವೂ ಬರುತ್ತದೆ. ಆದರೆ ಎತ್ತರದ ಶೂ ಹಾಕಿದರೆ ಕಾಲು ಉಳುಕುವುದೇ ಇಲ್ಲ ಅನ್ನುವ ಖಾತ್ರಿ ಇಲ್ಲ. ಐದಾರು ಕೆ.ಜಿ. ಬ್ಯಾಗಿಗೆ ಗಿಡ್ಡ ಶೂ ಸಾಲುತ್ತದೆ.

## ಅಳತೆ: ಇಳಿಯುವಾಗ ಬೆರಳಿಗೆ ಜಾಗ ಬೇಕು

ಆನ್‌ಲೈನ್‌ನಲ್ಲಿ 'ನಂದು 8' ಅಂತ ಆರ್ಡರ್ ಮಾಡಿ ಕೆಟ್ಟವರೇ ಜಾಸ್ತಿ. ಒಂದು ಕಂಪನಿಯ 8 ಇನ್ನೊಂದರ 9 ಆಗಿರಬಹುದು. ಹೋಗಲಿ, ಅಗಲದ ಮಾತೇ ಅಲ್ಲಿ ಬರುವುದಿಲ್ಲ. ಚಿಕ್ಕಂದಿನಿಂದ ಬರಿಗಾಲಲ್ಲೋ ಚಪ್ಪಲಿಯಲ್ಲೋ ಬೆಳೆದವರ ಪಾದ ಮುಂದುಗಡೆ ಹರಡಿರುವುದುಂಟು. ಕಿರಿದಾದ ಶೂನಲ್ಲಿ ಅಂಥವರ ಕಿರುಬೆರಳು ಮೊದಲ ಗಂಟೆಯಲ್ಲೇ ಉರಿಯುತ್ತದೆ.

ಅಂಗಡಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಬೆಟ್ಟದಲ್ಲಿ ಆಗುವುದೂ ಅದೇ. ಬೆಟ್ಟಕ್ಕೆ ಹಾಕುವ ಸಾಕ್ಸನ್ನೇ ಜೊತೆಗೆ ಒಯ್ಯಿರಿ. ಇಂಬಳಕ್ಕೆ ಅಂತ ಮೊಣಕಾಲುದ್ದದ ಲೀಚ್ ಸಾಕ್ಸ್ ಹಾಕುವವರಿದ್ದರೆ ಅದನ್ನೂ ಒಯ್ಯಬೇಕು. ದಪ್ಪ ಬಟ್ಟೆಯ ಆ ಚೀಲ ಮಾಮೂಲಿ ಸಾಕ್ಸಿನ ಮೇಲೆ, ಶೂವಿನ ಒಳಗೆ ಬರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಕೊಂಡ ಶೂ ಬೆಟ್ಟದ ಬುಡದಲ್ಲಿ ಕಾಲಿಗೇ ಹತ್ತುವುದಿಲ್ಲ.

ಮೊದಲು ಶೂ ಒಳಗಿನ ಇನ್‌ಸೋಲ್ ಎಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದದ ಅಂಚು ಪಕ್ಕದಿಂದ ಹೊರಗೆ ಚಾಚಿದರೆ ಆ ಶೂ ಅಗಲ ಸಾಲದು. ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಉಳಿಯಬೇಕು. ಆಮೇಲೆ ಇನ್‌ಸೋಲ್ ಹಾಕಿ, ಲೇಸ್ ಕಟ್ಟದೆ ಕಾಲು ತೂರಿಸಿ, ಬೆರಳು ಮುಂದಕ್ಕೆ ತಾಗುವವರೆಗೆ ತಳ್ಳಿ. ಹಿಮ್ಮಡಿಯ ಹಿಂದೆ ತೋರುಬೆರಳು ಸಲೀಸಾಗಿ ಇಳಿಯಬೇಕು. ಎರಡು ಬೆರಳು ಇಳಿದರೆ ದೊಡ್ಡದಾಯಿತು. ಎರಡೂ ಕಾಲಿನಲ್ಲಿ ನೋಡಿ, ಸಾಮಾನ್ಯವಾಗಿ ಒಂದು ಪಾದ ತುಸು ದೊಡ್ಡದಿರುತ್ತದೆ. ಅದಕ್ಕೆ ಸರಿಹೋಗುವುದನ್ನೇ ತೆಗೆದುಕೊಳ್ಳಬೇಕು.

ಕೊನೆಯ ಪರೀಕ್ಷೆ ಮೆಟ್ಟಿಲಿನ ಮೇಲೆ. ಲೇಸ್ ಬಿಗಿದು ಮೆಟ್ಟಿಲು ಹತ್ತುವಾಗ ಹಿಮ್ಮಡಿ ಮೇಲೇಳಬಾರದು. ಇಳಿಯುವಾಗ ಬೆರಳು ಮುಂದೆ ಬಡಿಯಬಾರದು. ಕುದುರೆಮುಖದಿಂದ ಇಳಿಯುವ ಮೂರ್ನಾಲ್ಕು ಗಂಟೆ ಬೆರಳು ಬಡಿಯುತ್ತಲೇ ಇದ್ದರೆ ಹೆಬ್ಬೆರಳಿನ ಉಗುರು ಕಪ್ಪಗಾಗಿ ಕೆಲವು ವಾರಗಳಲ್ಲಿ ಬಿದ್ದೇ ಹೋಗುತ್ತದೆ. ಹಿಮ್ಮಡಿ ಸ್ವಲ್ಪ ಮಾತ್ರ ಏಳುತ್ತಿದ್ದರೆ ಲೇಸಿನಿಂದ ಸರಿಮಾಡಬಹುದು. ಎಷ್ಟೋ ಶೂಗಳಲ್ಲಿ ಎಲ್ಲಕ್ಕಿಂತ ಮೇಲೆ ಒಂದು ತೂತು ಸುಮ್ನೆ ಖಾಲಿ ಇರುತ್ತದೆ. ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಕೂತಲ್ಲೇ ಕೂರುತ್ತದೆ.

## ಅಟ್ಟದ ಮೇಲಿನ ಹಳೇ ಶೂ

ನಾಲ್ಕು ವರ್ಷದ ಹಿಂದೆ ಕೊಂಡು ಎರಡೇ ಸಲ ಹಾಕಿದ ಒಳ್ಳೆಯ ಶೂ ಮನೆಯಲ್ಲಿದೆ ಅನ್ನುವವರು ಹೊರಡುವ ಮುಂಚೆ ಒಮ್ಮೆ ಪರೀಕ್ಷಿಸಿ. ಸೋಲಿಗೂ ಮೇಲ್ಭಾಗಕ್ಕೂ ನಡುವೆ ಮೆತ್ತನೆಯ ಪದರ ಇರುತ್ತದೆ. ಕೆಲವು ಶೂಗಳಲ್ಲಿ ಇದು ಪಾಲಿಯುರೆಥೇನ್ ಎಂಬ ವಸ್ತುವಿನದು. ಗಾಳಿಯಲ್ಲಿರುವ ತೇವ ಇದನ್ನು ನಿಧಾನವಾಗಿ ಒಡೆಯುತ್ತಾ ಹೋಗುತ್ತದೆ. ಹಾಕದೆ ಡಬ್ಬದಲ್ಲಿ ಮುಚ್ಚಿಟ್ಟರೆ ಇದು ನಿಲ್ಲುವುದಿಲ್ಲ, ತೇವ ಹೊರಹೋಗದೆ ಇನ್ನೂ ಬೇಗವೇ ಆಗಬಹುದು. ನೋಡಲು ಶೂ ಹೊಸದರಂತೆಯೇ ಇರುತ್ತದೆ. ಬೆಟ್ಟದ ಅರ್ಧದಲ್ಲಿ ಇಡೀ ಸೋಲು ಬಾಯಿ ಬಿಟ್ಟು ಕಳಚಿಕೊಳ್ಳುತ್ತದೆ.

ಆ ಪದರವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಪುಡಿ ಉದುರಿದರೆ, ಅಂಟಂಟಾದರೆ ಅಥವಾ ಕೂದಲೆಳೆಯಂಥ ಬಿರುಕು ಕಂಡರೆ ಅದರ ಆಯಸ್ಸು ಮುಗಿದಿದೆ. ಇದಕ್ಕೆ ಗೋಂದು ಹಾಕಿಸಿ ಪ್ರಯೋಜನವಿಲ್ಲ, ಗೋಂದು ಹಿಡಿದುಕೊಳ್ಳಲು ಗಟ್ಟಿ ವಸ್ತುವೇ ಉಳಿದಿರುವುದಿಲ್ಲ. ಪದರ ಗಟ್ಟಿಯಿದ್ದು ಅಂಚಿನಲ್ಲಿ ಮಾತ್ರ ಅಂಟು ಬಿಟ್ಟಿದ್ದರೆ ಮಾತು ಬೇರೆ. ಒಳ್ಳೆಯ ಚಮ್ಮಾರರ ಹತ್ತಿರ ಸೋಲಿನ ಸುತ್ತ ಹೊಲಿಗೆ ಹಾಕಿಸಿದರೆ ಇನ್ನೊಂದಷ್ಟು ಕಾಲ ಬರುತ್ತದೆ.

## ಬ್ಯಾಗ್: ಎಷ್ಟು ಲೀಟರ್?

ಬ್ಯಾಗಿನ ಲೀಟರ್ ಅಂದರೆ ಅದರೊಳಗೆ ಎಷ್ಟು ಜಾಗ ಇದೆ ಎಂಬ ಲೆಕ್ಕ. ಒಂದು ಲೀಟರ್ ನೀರಿನ ಬಾಟಲಿ ಹಿಡಿಸುವ ಜಾಗಕ್ಕೆ ಒಂದು ಲೀಟರ್. ಬ್ಯಾಗ್ ಎಷ್ಟು ಭಾರ ತಡೆಯುತ್ತದೆ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

60 ಕೆ.ಜಿ. ತೂಕದ ಒಬ್ಬರು ಮುಳ್ಳೋಡಿಯಿಂದ ಹೊರಟಿದ್ದಾರೆ ಅಂದುಕೊಳ್ಳಿ. ಮಾಮೂಲಿ ಬಟ್ಟೆಗಂಟು ಹೋಮ್‌ಸ್ಟೇಯಲ್ಲೇ ಇದೆ. ಬೆನ್ನಿಗೆ ಬರುವುದು ಇಷ್ಟು: ಎರಡು ಲೀಟರ್ ನೀರು 2 ಕೆ.ಜಿ., ಮಧ್ಯಾಹ್ನದ ಪಲಾವ್ ಡಬ್ಬ 600 ಗ್ರಾಂ. ಬಾಳೆಹಣ್ಣು, ಚಿಕ್ಕಿ ಸೇರಿ 400. ರೈನ್ ಜಾಕೆಟ್ 400. ಒಂದು ಜೊತೆ ಒಣ ಬಟ್ಟೆ, ಸಾಕ್ಸ್, ತೆಳು ಟವೆಲ್ 800. ಟಾರ್ಚ್, ಔಷಧಿ, ಫೋನ್, ಪವರ್ ಬ್ಯಾಂಕ್ 600. ಖಾಲಿ ಬ್ಯಾಗಿನದ್ದೇ 900 ಗ್ರಾಂ. ಕೂಡಿದರೆ 5.7 ಕೆ.ಜಿ. ಒಂದು ದಿನದ ನಡಿಗೆಗೆ ಮೈತೂಕದ ಹತ್ತನೇ ಒಂದು ಭಾಗ ಹೊತ್ತರೆ ಆರಾಮ ಅನ್ನುವುದು ನಡೆಯುವವರ ಬಾಯಿಲೆಕ್ಕ. 60 ಕೆ.ಜಿ.ಗೆ ಅದು 6. ಸರಿಹೋಯಿತು.

ಇದೇ ಸಾಮಾನು ಜಾಗದ ಲೆಕ್ಕದಲ್ಲಿ ಸುಮಾರು 12 ಲೀಟರ್ ಆಗುತ್ತದೆ. ಆದರೆ ಡಬ್ಬ, ಬಾಟಲಿಗಳ ಮಧ್ಯೆ ಖಾಲಿ ಉಳಿಯುತ್ತದೆ. ಒದ್ದೆಯಾದ ಜಾಕೆಟ್ ಬೆಳಿಗ್ಗೆ ಇದ್ದಷ್ಟು ಚಿಕ್ಕದಾಗಿ ಮಡಚಿಕೊಳ್ಳುವುದಿಲ್ಲ. ಗೆಳೆಯರೊಬ್ಬರು ಸುಸ್ತಾದರೆ ಅವರ ನೀರೂ ನಿಮ್ಮ ಬ್ಯಾಗಿಗೆ ಬರಬಹುದು. ಇದನ್ನೆಲ್ಲ ಸೇರಿಸಿ 20ರಿಂದ 25 ಲೀಟರ್ ಸರಿಯಾದ ಅಳತೆ. 'ಮುಂದೆ ಹಿಮಾಲಯಕ್ಕೂ ಆಗುತ್ತೆ' ಅಂತ 50 ಲೀಟರ್ ತಂದರೆ ಎರಡು ತೊಂದರೆ. ಅರ್ಧ ಖಾಲಿ ಬ್ಯಾಗಿನಲ್ಲಿ ಸಾಮಾನು ಕೆಳಗೆ ಕುಸಿದು ಬ್ಯಾಗ್ ಹಿಂದಕ್ಕೆ ಎಳೆಯುತ್ತದೆ. ಎರಡನೆಯದು, ಜಾಗ ಇದೆಯಲ್ಲ ಅಂತ ಬೇಡದ್ದನ್ನೂ ತುಂಬುತ್ತೇವೆ.

ತುಂಬುವಾಗ ನೀರು ಬೆನ್ನಿಗೆ ಹತ್ತಿರ, ಹೆಗಲಿನ ಮೂಳೆಗಳ ಮಧ್ಯದ ಎತ್ತರಕ್ಕೆ ಬರಲಿ. ಬಟ್ಟೆ ಕೆಳಗೆ, ಜಾಕೆಟ್ ಎಲ್ಲಕ್ಕಿಂತ ಮೇಲೆ. ಭಾರ ಬೆನ್ನಿನಿಂದ ದೂರ ಹೋದಷ್ಟೂ ಮೈ ಮುಂದಕ್ಕೆ ಬಾಗಿ ನಡೆಯಬೇಕಾಗುತ್ತದೆ.

## ನಿಮ್ಮ ಎತ್ತರವಲ್ಲ, ಬೆನ್ನಿನ ಉದ್ದ

ಬ್ಯಾಗ್ ಹೊಂದುತ್ತದೋ ಇಲ್ಲವೋ ಎನ್ನುವುದಕ್ಕೆ ಬೆನ್ನಿನ ಉದ್ದ ನೋಡಬೇಕು. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ ಇರಬಹುದು. ಅಳೆಯುವುದು ಹೀಗೆ. ತಲೆ ಮುಂದಕ್ಕೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಅದು ಮೇಲಿನ ಗುರುತು. ಎರಡೂ ಕೈ ಸೊಂಟದ ಮೂಳೆಯ ಮೇಲಿಟ್ಟು ಹೆಬ್ಬೆರಳುಗಳನ್ನು ಬೆನ್ನಿನ ಕಡೆ ಚಾಚಿ. ಅವೆರಡರ ಮಧ್ಯದ ಜಾಗ ಕೆಳಗಿನ ಗುರುತು. ನಡುವಿನ ಉದ್ದವನ್ನು ಮನೆಯಲ್ಲಿ ಯಾರಾದರೂ ಟೇಪಿನಲ್ಲಿ ಅಳೆಯಲಿ. ದೊಡ್ಡ ಬ್ಯಾಗುಗಳು ಈ ಅಳತೆಯ ಮೇಲೆ ಸಣ್ಣ, ಮಧ್ಯಮ, ದೊಡ್ಡ ಅಂತ ಬರುತ್ತವೆ. ಕೆಲವದರಲ್ಲಿ ಬೆನ್ನಿನ ಪಟ್ಟಿಯನ್ನೇ ಮೇಲೆ ಕೆಳಗೆ ಸರಿಸಬಹುದು. 25 ಲೀಟರ್ ಒಳಗಿನವು ಹೆಚ್ಚಾಗಿ ಒಂದೇ ಅಳತೆಯವು, ಆದ್ದರಿಂದ ಹಾಕಿಯೇ ನೋಡಬೇಕು.

ಖಾಲಿ ಬ್ಯಾಗ್ ಎಲ್ಲರಿಗೂ ಹೊಂದುತ್ತದೆ. ಅದಕ್ಕೆ ಅಂಗಡಿಯಲ್ಲಿ ಐದಾರು ಕೆ.ಜಿ. ತುಂಬಿಸಿಕೊಡಿ ಅಂತ ಕೇಳಿ. ಎಲ್ಲ ಪಟ್ಟಿ ಸಡಿಲಿಸಿ ಹೊತ್ತುಕೊಳ್ಳಿ. ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರಿಸಿ ಬಿಗಿಯಿರಿ, ಹೊಟ್ಟೆಯ ಮೇಲಲ್ಲ. ಆಮೇಲೆ ಹೆಗಲಿನ ಪಟ್ಟಿ ಎಳೆಯಿರಿ. ಕೊನೆಗೆ ಎದೆಯ ಪಟ್ಟಿ, ಉಸಿರಾಟಕ್ಕೆ ತೊಂದರೆ ಆಗದಷ್ಟು. ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ನೋಡಿ. ಹೆಗಲಿನ ಪಟ್ಟಿ ಹೆಗಲನ್ನು ಸುತ್ತಿ ಅಂಟಿಕೊಂಡಿರಬೇಕು. ಮೇಲೆ ಬೆರಳು ತೂರುವಷ್ಟು ಸಂದು ಕಂಡರೆ ಬ್ಯಾಗ್ ನಿಮ್ಮ ಬೆನ್ನಿಗಿಂತ ಉದ್ದ.

ಸೊಂಟದ ಪಟ್ಟಿಯಲ್ಲಿ ಎರಡು ಜಾತಿ. ಬೆರಳಗಲದ ತೆಳು ಪಟ್ಟಿ ಬ್ಯಾಗ್ ಅಲ್ಲಾಡದಂತೆ ಹಿಡಿಯುತ್ತದೆ, ಭಾರ ಹೊರುವುದಿಲ್ಲ. ಸ್ಪಂಜ್ ತುಂಬಿದ ಅಗಲ ಪಟ್ಟಿ ಭಾರದ ಬಹುಪಾಲನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುತ್ತದೆ. ನಮ್ಮ ಲೆಕ್ಕದ 5.7 ಕೆ.ಜಿ.ಗೆ ತೆಳು ಪಟ್ಟಿ ನಡೆಯುತ್ತದೆ. ಎಂಟು ಕೆ.ಜಿ. ದಾಟುವವರಿಗೆ, ಅಂದರೆ ಕ್ಯಾಮೆರಾ ಹೊರುವವರಿಗೆ, ಮಕ್ಕಳ ಸಾಮಾನೂ ಹೊರುವವರಿಗೆ, ಅಗಲದ್ದು ಬೇಕು. ಹೆಂಗಸರಿಗೆಂದು ಮಾಡಿದ ಬ್ಯಾಗುಗಳಲ್ಲಿ ಹೆಗಲಿನ ಪಟ್ಟಿಗಳು ಹತ್ತಿರವಿದ್ದು ಬಾಗಿರುತ್ತವೆ, ಬೆನ್ನೂ ಗಿಡ್ಡ. ಹೆಗಲು ಕಿರಿದಾದ ಗಂಡಸರಿಗೂ ಅವು ಚೆನ್ನಾಗಿಯೇ ಹೊಂದುತ್ತವೆ, ಬಣ್ಣದ ಬಗ್ಗೆ ತಕರಾರಿಲ್ಲದಿದ್ದರೆ.

## ರೈನ್ ಕವರ್ ಎಲ್ಲಿ ಸೋಲುತ್ತದೆ?

ಕವರಿನ ಮೇಲಿನ 2000 ಮಿ.ಮೀ. ಮಳೆಯ ಲೆಕ್ಕವಲ್ಲ. ಆ ಬಟ್ಟೆಯ ಮೇಲೆ ಒಂದು ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ, ಎರಡು ಮೀಟರ್ ಎತ್ತರದವರೆಗೆ ನೀರು ಬಟ್ಟೆ ದಾಟಿ ಸೋರಲಿಲ್ಲ ಎಂದರ್ಥ. ಕವರಿಗೆ ಅಷ್ಟಿದ್ದರೆ ಸಾಕು. ಬಟ್ಟೆಯ ಒಳಮೈಗೆ ಬಳಿದ ತೆಳು ಲೇಪ ನೀರು ತಡೆಯುತ್ತದೆ. ಹಳೇ ಕವರ್ ಒಳಗೆ ಕೈಯಾಡಿಸಿದಾಗ ಅಂಟಂಟಾಗಿದ್ದರೆ ಅಥವಾ ಹೊಪ್ಪಳೆ ಏಳುತ್ತಿದ್ದರೆ ಲೇಪ ಹೋಗಿದೆ. ಹೊಲಿಗೆಗಳ ಮೇಲೆ ಟೇಪ್ ಅಂಟಿಸಿದೆಯಾ ಅಂತಲೂ ನೋಡಿ. ಸೂಜಿ ಹೋದ ಪ್ರತಿ ತೂತೂ ನೀರಿಗೆ ದಾರಿ.

ಆದರೆ ಕವರ್ ಹೆಚ್ಚಾಗಿ ಸೋಲುವುದು ಬಟ್ಟೆಯಿಂದಲ್ಲ. ಅದು ಬ್ಯಾಗಿನ ಹೊರಗಿನ ಕಡೆಗಳನ್ನು ಮಾತ್ರ ಮುಚ್ಚುತ್ತದೆ. ನಿಮ್ಮ ಬೆನ್ನಿಗೆ ತಾಗುವ ಕಡೆ ಪೂರ್ತಿ ತೆರೆದಿರುತ್ತದೆ. ಕತ್ತಿನ ಮೇಲೆ ಬಿದ್ದ ಮಳೆ ಬೆನ್ನಿನ ಉದ್ದಕ್ಕೂ ಹರಿದು ಅಲ್ಲಿನ ಸ್ಪಂಜು ತೊಯ್ಯಿಸುತ್ತದೆ. ಹೆಗಲಿನ ಪಟ್ಟಿ ಹೊಲಿದ ಜಾಗದಿಂದ ಒಳಗಿಳಿಯುತ್ತದೆ. ಇಳಿದ ನೀರು ಕವರಿನ ತಳದಲ್ಲಿ ನಿಂತರೆ ಬ್ಯಾಗ್ ಬುಡ ನೀರಲ್ಲಿ ಕುಳಿತಂತೆ. ಅದಕ್ಕೇ ತಳದಲ್ಲಿ ಲೋಹದ ಕಣ್ಣು ಹಾಕಿದ ಸಣ್ಣ ತೂತಿರುವ ಕವರ್ ಆರಿಸಿ. 'ತೂತಿದೆ' ಅಂತ ವಾಪಸ್ ಕೊಡುವವರಿದ್ದಾರೆ, ಆದರೆ ಅದು ನೀರು ಹೋಗಲಿಕ್ಕೇ ಇರುವುದು.

ಅಳತೆ ಬ್ಯಾಗಿನ ಲೀಟರಿಗೆ ಹೊಂದಬೇಕು. ದೊಡ್ಡದಾದರೆ ಸಡಿಲು ಜಾಗಕ್ಕೆ ಗಾಳಿ ನುಗ್ಗಿ ಕವರ್ ಏಣಿನ ಮೇಲಿಂದ ಹಾರಿಹೋಗುತ್ತದೆ. ಅಂಚಿನಲ್ಲಿ ಎಲಾಸ್ಟಿಕ್ ಜೊತೆ ಎಳೆದು ಬಿಗಿಯುವ ಹಗ್ಗ, ಬ್ಯಾಗಿಗೆ ಸಿಕ್ಕಿಸುವ ಒಂದು ಪಟ್ಟಿ ಇರುವುದು ಒಳ್ಳೆಯದು. ಪಟ್ಟಿ ಇಲ್ಲದಿದ್ದರೆ ಒಂದು ದಾರದಲ್ಲಿ ಕಟ್ಟಿ.

ಬೆನ್ನಿನ ಕಡೆಯ ಸಂದು ಮುಚ್ಚುವ ಉಪಾಯ ಮಲೆನಾಡಿನಲ್ಲಿ ಹಳೆಯದು. ನಾಟಿ ಗದ್ದೆಯಲ್ಲಿ ಬಗ್ಗಿದವರು ತಲೆಯಿಂದ ಸೊಂಟದವರೆಗೆ ಗೊರಬು ಹೊದ್ದುಕೊಳ್ಳುತ್ತಿದ್ದರು, ನೀರು ನಡುವೆ ಎಲ್ಲೂ ನಿಲ್ಲದೆ ಹಿಂದಕ್ಕೆ ಜಾರುತ್ತಿತ್ತು. ಅಂಗಡಿಯಲ್ಲಿ ಪಾಂಚೋ ಅಂತ ಸಿಗುವುದು ಇದೇ ಕೆಲಸ ಮಾಡುತ್ತದೆ. ನಿಮ್ಮನ್ನೂ ಬ್ಯಾಗನ್ನೂ ಒಟ್ಟಿಗೆ ಮುಚ್ಚುತ್ತದೆ. ಶೋಲಾ ಕಾಡಿನೊಳಗೆ ಇದು ಬಹಳ ಚೆನ್ನ. ಏಣಿನ ಗಾಳಿಯಲ್ಲಿ ಮಾತ್ರ ಪಟಪಟ ಬಡಿದು ಮುಖಕ್ಕೇ ಬರುತ್ತದೆ, ಕಾಲಿಡುವ ಜಾಗ ಕಾಣುವುದಿಲ್ಲ. ಗಾಳಿ ಜೋರಿರುವ ಬೆಟ್ಟಕ್ಕೆ ಜಾಕೆಟ್ ಮತ್ತು ಕವರ್ ವಾಸಿ.

ಯಾವುದೇ ಹೊರಕವಚ ನಂಬಿ ಒಣ ಬಟ್ಟೆಯನ್ನು ಹಾಗೇ ಬ್ಯಾಗಿಗೆ ಹಾಕಬೇಡಿ. ಬ್ಯಾಗಿನ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಳಿಸಿ, ಸಾಮಾನನ್ನು ಅದರೊಳಗೆ ತುಂಬಿ, ಬಾಯಿಯನ್ನು ಮೂರ್ನಾಲ್ಕು ಸುತ್ತು ತಿರುಚಿ ಒಳಗೆ ಮಡಚಿ. ಅಂಗಡಿಯ ಡ್ರೈ ಬ್ಯಾಗ್ ಆದರೂ ಸರಿ, ಅಕ್ಕಿ ಚೀಲದ ಒಳಗೆ ಬರುವ ಗಟ್ಟಿ ಪ್ಲಾಸ್ಟಿಕ್ ತೊಳೆದು ಒಣಗಿಸಿದ್ದಾದರೂ ಸರಿ. ಕಿರಾಣಿ ಅಂಗಡಿಯ ತೆಳು ಕವರ್ ಬೇಡ. ಅದು ಹರಿಯುತ್ತದೆ, ಕಾಡಿನೊಳಗೆ ಅದನ್ನು ಒಯ್ಯುವಂತೆಯೂ ಇಲ್ಲ. ಕವರ್ ಹಾರಿಹೋದರೂ, ನೀವು ಹಳ್ಳದಲ್ಲಿ ಕುಳಿತೇಬಿಟ್ಟರೂ, ಈ ಒಳಚೀಲ ಸಂಜೆಗೆ ಒಣ ಬಟ್ಟೆ ಕೊಡುತ್ತದೆ. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ನಾನು ಒಳಚೀಲಕ್ಕೇ ಕೊಡುತ್ತೇನೆ.

ಹೊರಡುವ ಹಿಂದಿನ ಭಾನುವಾರ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಳಚೀಲ ಹಾಕದೆ ಬ್ಯಾಗಿನ ತುಂಬ ಹಳೇ ಪೇಪರ್ ಉಂಡೆ ಮಾಡಿ ತುಂಬಿ. ಕವರ್ ಹಾಕಿ, ಬ್ಯಾಗ್ ಹೊತ್ತುಕೊಂಡೇ ಬಚ್ಚಲಲ್ಲಿ ಷವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ಬೆನ್ನಿಗೆ ಹಾಕದೆ ಗೂಟಕ್ಕೆ ನೇತುಹಾಕಿ ನೀರು ಸುರಿದರೆ ಅಸಲಿ ದಾರಿ ಗೊತ್ತಾಗುವುದಿಲ್ಲ. ಆಮೇಲೆ ಪೇಪರ್ ಒಂದೊಂದಾಗಿ ತೆಗೆದು ನೋಡಿ. ಬೆನ್ನಿನ ಕಡೆಯ ಉಂಡೆಗಳು ಒದ್ದೆಯಾಗಿದ್ದರೆ ಅದು ಮಾಮೂಲು, ಒಳಚೀಲ ಅದನ್ನು ನೋಡಿಕೊಳ್ಳುತ್ತದೆ. ತಳದವು ಮಾತ್ರ ನೆನೆದಿದ್ದರೆ ಕವರಿನಲ್ಲಿ ನೀರು ನಿಂತಿದೆ, ಕೆಳಗೆ ತೂತು ಮಾಡಿಸಬೇಕು. ಹೊರಗಿನ ಕಡೆಯವು, ಅಂದರೆ ಕವರ್ ಮುಚ್ಚಿದ್ದ ಕಡೆಯವೇ ತೊಯ್ದಿದ್ದರೆ ಲೇಪವೋ ಹೊಲಿಗೆಯೋ ಹೋಗಿದೆ. ಹೊಲಿಗೆಯಾದರೆ ಸೀಲ್ ಮಾಡುವ ಟ್ಯೂಬ್ ಸಿಗುತ್ತದೆ. ಲೇಪವಾದರೆ ಬೇರೆ ಕವರ್ ತರುವುದೇ ಸರಿ.